ನರಿ ರೇಬೀಸ್ ಸೆಮಿನಾರ್ ರಿಪೋರ್ಟ್: "ಬೀಟಾ ಎಲ್ಲಿಂದ?" ಅಂತ ಕೇಳ್ಯಾರ, ಏನ್ ಉತ್ತರ ಬರೀಲಿ

ಸಪ್ತಾಪುರ ರೂಮ್‌ಮೇಟ್:
ಧಾರವಾಡದಾಗ ಎಂಎಸ್ಸಿ ಝೂವಾಲಜಿ ಓದಾಕತ್ತೇನ್ರಿ. ಸೆಮಿನಾರ್ ಟಾಪಿಕ್ ಯುರೋಪಿನ ಕೆಂಪು ನರಿ ಒಳಗಿನ ರೇಬೀಸ್. 1981ರ ಆಂಡರ್ಸನ್-ಮೇ ಮಾಡೆಲ್ ಹಾಕಿ ಥ್ರೆಶೋಲ್ಡ್ ಡೆನ್ಸಿಟಿ, ಅಂದ್ರ ರೋಗ ಉಳಿಯಾಕ ಕನಿಷ್ಠ ಎಷ್ಟು ನರಿ ಬೇಕು ಅನ್ನೂದು, ತಗದೆ, ಚದರ ಕಿಮೀಗೆ 1 ನರಿ ಅಂತ ಬಂತು, ಫೀಲ್ಡಿನಾಗೂ ಸುಮಾರು ಅಷ್ಟ ಅಂತಾರ, ಅದಕ್ಕ "ಮಾಡೆಲ್ ಸರಿ ಅಂತ ಇದರಿಂದ ಸಾಬೀತಾಗ್ತದ" ಅಂತ ಬರದೆ. ಗೈಡ್ ಮೇಡಂ ಆ ಸಾಲಿಗೆ ಕೆಂಪು ಗೆರಿ ಹೊಡದು "ಬೀಟಾ ಎಲ್ಲಿಂದ?" ಅಂತ ಎರಡ ಶಬ್ದ ಬರದು ವಾಪಸ್ ಕೊಟ್ಟಾರ. ಬೀಟಾ ಅಂದ್ರ ಮಾಡೆಲ್ಲಿನಾಗ ರೋಗ ನರಿಯಿಂದ ನರಿಗೆ ದಾಟೂ ದರ. ಏನ್ ಬೇಕಾಗೈತಿ ಅವರಿಗೆ?

ಹಳಿಯಾಳ ರೋಡ್:
ಏನಿಲ್ಲೋ, ರೆಫರೆನ್ಸ್ ಹಾಕಿರಾಂಗಿಲ್ಲ ನೀ, ಅದಕ್ಕ ಕೇಳ್ಯಾರ. ಬೀಟಾ 80 ಅಂತ ಆ ಪೇಪರಿನಾಗ ಐತಿ, ಬರದು ಬಿಡು. ಆದ್ರ ನಿನ್ನ ಲೆಕ್ಕದಾಗ ಬ್ಯಾರೆ ತಪ್ಪು ಇರಬೇಕು ನೋಡು, ನರಿ ಸಹಜ ಸಾವಿನ ದರ ವರ್ಷಕ್ಕ 0.5, ಎಲ್ಲಾರೂ 1 ಹಾಕ್ತಾರ. 0.5 ಹಾಕಿದ್ರ ಥ್ರೆಶೋಲ್ಡ್ 0.95 ಬರ್ತೈತಿ, 1 ಅಲ್ಲ.

ತೋಳನಕೆರೆ ದಂಡಿ:
ರೆಫರೆನ್ಸಿಂದಲ್ಲ ಈ ಪ್ರಶ್ನಿ. ಮೇಡಂ ಭಾಳ ಸರಿ ಜಾಗಾದಾಗ ಕೈ ಇಟ್ಟಾರ.

ತಮ್ಮಾ, ಫಾರ್ಮುಲಾ ಬಾಜೂಕ ಇಟ್ಟು ಒಂದ ನರಿ ಹಿಂದ ಹೋಗು. ಚದರ ಕಿಮೀಗೆ 2 ನರಿ ಇರೋ ಜಾಗಾ ಅಂತ ಹಿಡಿ. ಅಲ್ಲಿ ಒಂದು ನರಿಗೆ ಹುಚ್ಚು ನರಿ ಕಚ್ಚಿತು. ರೋಗ ಒಳಗ ಕುಂದ್ರೂದು ಸರಾಸರಿ 28 ದಿನ, ಅದಕ್ಕ ಸಿಗ್ಮಾ ವರ್ಷಕ್ಕ 13. ಸಹಜ ಸಾವಿನ ದರ a ವರ್ಷಕ್ಕ 1 ಹಿಡಿ. ಅಷ್ಟರಾಗ ಬ್ಯಾರೆ ಕಾರಣಕ್ಕ ಸತ್ರ ಅದು ಯಾರಿಗೂ ರೋಗ ಕೊಡಂಗಿಲ್ಲ, ಹಿಂಗಾಗಿ 14ರಾಗ 13 ಪಾಲು ಅಷ್ಟ ಮುಂದಿನ ಹಂತಕ್ಕ ಬರ್ತಾವು, ಅಂದ್ರ 0.93. ಹುಚ್ಚು ಹತ್ತಿದ ಮ್ಯಾಲೆ ಅದರ ಆಯುಷ್ಯ ಸುಮಾರು 5 ದಿನ, ಆಲ್ಫಾ 73. ಆ 5 ದಿನದಾಗ ಎಷ್ಟು ನರಿಗೆ ದಾಟಸ್ತೈತಿ? ಬೀಟಾ 80, ನರಿ 2, ಗುಣಿಸಿದ್ರ ವರ್ಷಕ್ಕ 160, ಅದನ್ನ 73ಕ್ಕ ಸಹಜ ಸಾವಿನ 1 ಕೂಡಿಸಿದ 74ರಿಂದ ಭಾಗಿಸಿದ್ರ 2.16, ಮತ್ತ 0.93 ಪಾಲು ತಗೊಂಡ್ರ ಬರಾಬರಿ 2. ಇದ ನಿನ್ನ ಆರ್-ನಾಟ್. ಎಲ್ಲಿ ಅದು 1ಕ್ಕ ಇಳಿತೈತೋ ಆ ಡೆನ್ಸಿಟಿ ನಿನ್ನ ಥ್ರೆಶೋಲ್ಡ್ K_T, K ಅಂದ್ರ ಆ ಜಾಗಾದ ನರಿ ಡೆನ್ಸಿಟಿ:

```
R0  = [σ/(σ+a)] × [βK/(α+a)]
K_T = (σ+a)(α+a)/(βσ)
```

28 ದಿನ, 5 ದಿನ ಇವೆಲ್ಲಾ ರೋಗ ಹತ್ತಿದ ನರಿ ನೋಡಿ ಗೊತ್ತಾಗೂವು. ಬೀಟಾ ಹಂಗಲ್ಲ. ರಾತ್ರಿ ಹೊತ್ತು ಅಡವ್ಯಾಗ ಯಾವ ಹುಚ್ಚು ನರಿ ಯಾವದಕ್ಕ ಕಚ್ಚಿತು, ಕಚ್ಚಿದ್ದರಾಗ ಎಷ್ಟಕ್ಕ ರೋಗ ಹತ್ತಿತು ಅಂತ ಯಾರು ಎಣಿಸ್ಯಾರ? ಅದಕ್ಕ ಅವರು ಉಲ್ಟಾ ಹೋದ್ರು. ನರಿ ಚದರ ಕಿಮೀಗೆ ಸುಮಾರು 1ಕ್ಕಿಂತ ಕಡಿಮಿ ಇದ್ದಲ್ಲೆ ರೋಗ ಉಳಿಯಂಗಿಲ್ಲ ಅಂತ ಫೀಲ್ಡಿನಾಗ ಕಂಡಿತ್ತು, ಆ 1ನ್ನ K_T ಜಾಗಾದಾಗ ಇಟ್ಟು ಬೀಟಾ ತಗದ್ರು. ನೀನೂ ಮಾಡಿ ನೋಡು, 14 ಇಂಟು 74 ಅಂದ್ರ 1036, ಭಾಗಿಸು 13, 79.7. ಅದ ನಿನ್ನ 80.

ಈಗ ನೀ ಏನ್ ಮಾಡೀದಿ ಅಂದ್ರ ಆ 80 ತಗೊಂಡು ವಾಪಸ್ ಅದ ಫಾರ್ಮುಲಾಕ್ಕ ಹಾಕಿ 1 ತಗದು, "ನೋಡ್ರಿ ಫೀಲ್ಡಿಗೆ ಹೊಂದ್ತು" ಅಂತ ಬರದೀ. ನಾವ ಇಟ್ಟ ರೊಕ್ಕಾ ನಮ್ಮ ಕಿಸೇದಾಗ ಸಿಕ್ಕಂಗ ಅದು. ಸಿಗದ ಏನ್ ಮಾಡ್ತೈತಿ?

ಸಪ್ತಾಪುರ ರೂಮ್‌ಮೇಟ್:
ಅಕ್ಕಾರ ಈಗ ತಿಳೀತು. ಹಂಗಾರ ಆ ಮಾಡೆಲ್ಲ ಖಾಲಿ ಅನ್ರಿ? ರಿಪೋರ್ಟ್ 22ಕ್ಕ ಕೊಡಬೇಕು, ಟಾಪಿಕ್ ಬದಲಿ ಮಾಡಾಕ ಆಗಂಗಿಲ್ಲ. ಮತ್ತ ಆ 0.5ರ ಕಥಿ ಏನು?

ತೋಳನಕೆರೆ ದಂಡಿ:
ಖಾಲಿ ಯಾಕ ಆಗ್ತೈತಿ. ಒಳಗ ಇಡದ ಇದ್ದದ್ದು ಏನು ಹೊರಗ ಬಂತು ಅದನ್ನ ತೋರಸು. ಒಂದು ಸಿಗ್ತೈತಿ: ಥ್ರೆಶೋಲ್ಡ್ ಮ್ಯಾಲೆ ಇರೋ ಜಾಗಾದಾಗ ಮಾಡೆಲ್ ಓಡಿಸಿದ್ರ ರೋಗ 3ರಿಂದ 5 ವರ್ಷಕ್ಕೊಮ್ಮೆ ಎದ್ದು ಬೀಳ್ತೈತಿ, ಯುರೋಪಿನ ರೇಬೀಸ್ ದಾಖಲೆದಾಗೂ ಹಂತಾದ ಅಲೆ ಐತಿ. ಆ ಅವಧಿಯನ್ನ ಯಾರೂ ಮಾಡೆಲ್ಲಿಗೆ ಮೊದ್ಲ ಹೇಳಿಕೊಟ್ಟಿದ್ದಿಲ್ಲ. ಸಾಬೀತು ಅನ್ನೂ ಮಾತು ಅಲ್ಲೂ ದೊಡ್ಡದಾಗ್ತೈತಿ, ಆದ್ರ ಅದು ಪರೀಕ್ಷಾ ಅಂತರೆ ಹೌದು.

0.5 ಬಗ್ಗೆ ಹಳಿಯಾಳ ರೋಡ್ ಅವ್ರು ಹೇಳಿದ್ದು ಅರ್ಧಾ ಖರೆ. ಜಾಗಾ ಖಾಲಿ ಇದ್ದಾಗ ಸಾವಿನ ದರ 0.5 ಹೌದು. ಆದ್ರ ನಾವು ಆರ್-ನಾಟ್ ಲೆಕ್ಕಾ ಹಾಕೂದು ನರಿ ತುಂಬಿರೋ ಜಾಗಾದಾಗ, ಅಲ್ಲಿ ಸಂಖ್ಯಾ ಏರಂಗಿಲ್ಲ ಇಳಿಯಂಗಿಲ್ಲ, ಅಂದ್ರ ಹುಟ್ಟಿದಷ್ಟ ಸಾಯ್ತಾವು. ಹುಟ್ಟಿನ ದರ 1, ಹಿಂಗಾಗಿ ಗದ್ದಲಕ್ಕ ಸಾವೂ 1ಕ್ಕ ಏರಿರ್ತೈತಿ. ಅದಕ್ಕ a ಹಾಕೂದು.

ಹಳಿಯಾಳ ರೋಡ್:
ಆತ್ ಬಿಡ್ರಿ, a ಒಪ್ಪಿದೆ. ಆದ್ರ ಬೀಟಾ ಹಿಂದಿನಿಂದ ಬಂದ್ರೇನು ಮುಂದಿನಿಂದ ಬಂದ್ರೇನು, ಕೆಲಸಕ್ಕ ಬೇಕಾಗಿದ್ದು ಒಂದ ಮಾತು. ನರಿ 1ಕ್ಕಿಂತ ಕೆಳಗ ಇಳಿಸು, ರೋಗ ಹೋಗ್ತೈತಿ. 2 ಇದ್ದಲ್ಲೆ ಅರ್ಧಾ ಹೊಡದ್ರ ಮುಗೀತಲ್ಲ.

ತೋಳನಕೆರೆ ದಂಡಿ:
ಕಾಗದದ ಮ್ಯಾಲೆ ಮುಗೀತೈತಿ. ಯುರೋಪಿನಾಗ ವರ್ಷಾನುಗಟ್ಲೆ ಗುಂಡು ಹೊಡದ್ರು, ಗವಿಗೆ ಗ್ಯಾಸ್ ಬಿಟ್ರು, ವಿಷ ಇಟ್ರು, ರೋಗ ಮುಂದ ಹೊಂಟ ಇತ್ತು. ಯಾಕಂದ್ರ ಒಂದು ನರಿ ಸತ್ರ ಅದರ ಸರಹದ್ದು ಖಾಲಿ ಆಗ್ತೈತಿ, ಬಾಜೂದಿಂದ ಹರೇದ ನರಿ ಬಂದು ಹಿಡಿತೈತಿ, ಬರ್ತಾ ನಾಕು ಕಡೆ ಜಗಳಾ ಮಾಡಿ ಬರ್ತೈತಿ. ಮತ್ತ ಒಂದ ಸೂಲಿಗೆ ನಾಕೈದು ಮರಿ ಹಾಕೂ ಪ್ರಾಣಿ ಅದು. ನೀವು ಡೆನ್ಸಿಟಿ ಇಳಿಸಾಕ ಹೋಗಿ ಓಡಾಟ ಏರಿಸ್ತೀರಿ, ಅಂದ್ರ ಸ್ಥಿರ ಅಂತ ಹಿಡಿದ ಬೀಟಾನ ಬದಲಾಗ್ತೈತಿ.

ಲಸಿಕಿ ಹಾಕಿದ ನರಿ ಹಂಗಲ್ಲ, ಜೀವಂತ ಇದ್ದು ತನ್ನ ಜಾಗಾ ಕಾಯ್ತೈತಿ. 1978ರಾಗ ಸ್ವಿಟ್ಜರ್ಲೆಂಡಿನ ರೋನ್ ಕಣಿವ್ಯಾಗ ಕೋಳಿ ತಲಿ ಒಳಗ ಲಸಿಕಿ ಇಟ್ಟು ಅಡವ್ಯಾಗ ಚೆಲ್ಲಿದ್ರು. ನರಿ ತಿಂತೋ ಇಲ್ಲೋ ತಿಳಿಯಾಕ ಆಹಾರದಾಗ ಟೆಟ್ರಾಸೈಕ್ಲಿನ್ ಕೂಡಸೂದು ಮುಂದ ರೂಢಿ ಆತು, ಆಮ್ಯಾಲೆ ಸತ್ತ ನರಿ ಹಲ್ಲು ತೆಳ್ಳಗ ಕೊಯ್ದು ಅಲ್ಟ್ರಾವಯಲೆಟ್ ಬೆಳಕಿನಾಗ ಹಿಡಿದ್ರ ಹಳದಿ ಗೆರಿ ಹೊಳಿತೈತಿ. ಹೊಳದ್ರ ತಿಂದೈತಿ ಅಂತ ಅಷ್ಟ, ರಕ್ತದಾಗ ರಕ್ಷಣಾ ಬಂತೋ ಇಲ್ಲೋ ಅದು ಬ್ಯಾರೆ ಟೆಸ್ಟ್. ಸ್ವಿಟ್ಜರ್ಲೆಂಡಿನಾಗ ನರಿ ರೇಬೀಸ್ ಹೋತು, ಜರ್ಮನಿ 2008ರಾಗ ಮುಕ್ತ ಅಂತ ಘೋಷಣಾ ಆತು, ಎಲ್ಲಾ ಈ ದಾರಿಯಿಂದ.

ಬೀಟಾ ಹೆಂಗ ಬಂತು ಅನ್ನೂದು ಯಾಕ ಮುಖ್ಯ ಅಂದ್ರ ಇಲ್ಲೇ ನೋಡ್ರಿ. ಚದರ ಕಿಮೀಗೆ 2 ಇದ್ದಲ್ಲೆ ಥ್ರೆಶೋಲ್ಡ್ 1 ಅಂದ್ರ ಆರ್-ನಾಟ್ 2, ಅರ್ಧಾ ನರಿಗೆ ಲಸಿಕಿ ಮುಟ್ಟಿದ್ರ ಸಾಕು. ಖರೆ ಥ್ರೆಶೋಲ್ಡ್ 0.5 ಇದ್ರ ಬೀಟಾ 159 ಆಗ್ತೈತಿ, ಆರ್-ನಾಟ್ 4, ಈಗ ನಾಕರಾಗ ಮೂರಕ್ಕ ಮುಟ್ಟಬೇಕು. ಮತ್ತ ನರಿ ಎಣಿಕಿ ಏನ್ ತಕ್ಕಡ್ಯಾಗ ತೂಗಿದ್ದಲ್ಲ, ಭಾಳ ಕಡೆ ಬೇಟೆಗಾರರು ವರ್ಷಕ್ಕ ಎಷ್ಟು ಹೊಡದ್ರು ಅನ್ನೂದ ಅಳತಿ. ಬೇಟೆ ಜೋರಾಗಿದ್ದ ಜಿಲ್ಲಾದಾಗ ನರಿ ಹೆಚ್ಚ ಕಾಣ್ತಾವು.

ಹಾವೇರಿ ಬಸ್‌ಸ್ಟ್ಯಾಂಡ್:
ಇಷ್ಟೆಲ್ಲಾ ನರಿ ಬಗ್ಗೆ ಹೇಳಾಕತ್ತೀರಿ, ನಮ್ಮ ಓಣ್ಯಾಗ ಬಂದು ನೋಡ್ರಿ ನಾಯಿ ಎಷ್ಟದಾವು ಅಂತ, ಮುಂಜಾನೆ ಹಾಲು ತರಾಕ ಹೋಗಬೇಕಂದ್ರ ಕೈಯಾಗ ಬಡಗಿ ಬೇಕು, ಹೋದ ತಿಂಗಳ ನಮ್ಮ ಅಳಿಯಗ ಕಚ್ಚಿ ಐದು ಇಂಜೆಕ್ಷನ್ ಬರದು ಕೊಟ್ಟಾರ. ಓಣಿಗೆ ಎಷ್ಟು ನಾಯಿ ದಾಟಿದ್ರ ರೋಗ ಬರ್ತೈತಿ ಅಂತ ಒಂದು ನಂಬರ್ ಕೊಡ್ರಿ, ಅರ್ಜಿಯೊಳಗ ಬರದು ಕೊಡ್ತೀನಿ.

ಗದಗ ಸೈಡ್ ಡಾಕ್ಟ್ರು:
ಪಶು ಆಸ್ಪತ್ರಿ ಕೆಲಸದಾಗ ಇರಾಂವ ನಾನು. ಅಣ್ಣಾರ, ಅಳಿಯಾರ ಡೋಸ್ ಎಲ್ಲಾ ಮುಗಸ್ಯಾರಲ್ರಿ? ಅದ ಮೊದ್ಲ.

ನೀವು ಕೇಳೂ ನಂಬರ್ ನಾಯಿಗೆ ಇಲ್ರಿ. ನಾಯಿ ರೇಬೀಸಿನ ಆರ್-ನಾಟ್ ಬ್ಯಾರೆ ಬ್ಯಾರೆ ದೇಶದಾಗ ತಗದಾರ, ಹೆಚ್ಚೂಕಡಿಮಿ ಎಲ್ಲಾ ಕಡೆ 1ರಿಂದ 2ರ ನಡುವ ಬಂದೈತಿ, ನಾಯಿ ದಟ್ಟ ಇದ್ದ ಊರಾಗೂ ಅಷ್ಟ, ತೆಳು ಇದ್ದಲ್ಲೂ ಅಷ್ಟ. ಹುಚ್ಚು ನಾಯಿ ಕೆಲವೇ ದಿನ ಬದುಕೂದು, ಅಷ್ಟರಾಗ ಹುಡಿಕ್ಯಾಡಿ ಹೋಗಿ ಕಚ್ಚತೈತಿ, ಓಣ್ಯಾಗ ಎರಡ ಪಟ್ಟು ನಾಯಿ ಇದ್ದ ಮಾತ್ರಕ್ಕ ಎರಡ ಪಟ್ಟು ಕಚ್ಚಂಗಿಲ್ಲ. ಅದಕ್ಕ ಡಬ್ಲ್ಯೂಎಚ್‌ಒ ಹೇಳೂದು ನಾಯಿ ಕಡಿಮಿ ಮಾಡೂದಲ್ಲ, 70 ಪರ್ಸೆಂಟ್ ನಾಯಿಗೆ ಲಸಿಕಿ. ಆರ್-ನಾಟ್ 2ಕ್ಕ ಅರ್ಧಾ ಸಾಕಾಗಬೇಕಿತ್ತು, ಆದ್ರ ಹಾಕಿದ ನಾಯಿ ಸಾಯ್ತಾವು, ಹೊಸಾ ಮರಿ ಬರ್ತಾವು, ಮುಂದಿನ ಸುತ್ತು ಬರೂತನಾ ಕವರೇಜ್ ಇಳಿತ ಹೋಗ್ತೈತಿ, ಅದಕ್ಕ 70 ಹಿಡಿತಾರ.

ಹಾವೇರಿ ಬಸ್‌ಸ್ಟ್ಯಾಂಡ್:
ನಾಕು ಡೋಸ್ ಆಗ್ಯಾವ್ರಿ, ಒಂದು ಬಾಕಿ. ಆದ್ರೂ ನಾಯಿ ಕಡಿಮಿ ಆದ್ರ ಕಚ್ಚೂದರೆ ಕಡಿಮಿ ಆಗ್ತೈತಲ್ಲ, ನಾ ಕೇಳಿದ್ದು ಅದ.

ಗದಗ ಸೈಡ್ ಡಾಕ್ಟ್ರು:
ಕಚ್ಚೂದು ಕಡಿಮಿ ಆಗಬಹುದು, ಇಲ್ಲ ಅನ್ನಂಗಿಲ್ಲ. ರೇಬೀಸ್ ಹೋಗೂದು ಬ್ಯಾರೆ. ಬಾಕಿ ಒಂದು ಬಿಡಬ್ಯಾಡ್ರಿ.

ತೋಳನಕೆರೆ ಮೇಡಂ, ನಂದೊಂದು ತಕರಾರು ಐತ್ರಿ. ನಾಯಿಗೆ ಹಿಂಗಾದ ಮ್ಯಾಲೆ ಡೆನ್ಸಿಟಿ ಏರಿದಷ್ಟು ರೋಗ ದಾಟೂದೂ ಏರ್ತೈತಿ ಅನ್ನೂ βSI ನರಿಗೆ ಮಾತ್ರ ಯಾಕ ಒಪ್ಪಬೇಕು? ನರಿನೂ ಸರಹದ್ದು ಕಟ್ಟೂ ಪ್ರಾಣಿ, ಸುತ್ತಲಿನ ಐದಾರು ಮನಿ ಜೋಡಿನ ಅದರ ವ್ಯವಹಾರ. ಡೆನ್ಸಿಟಿ ಏರಿದ್ರ ಸರಹದ್ದು ಸಣ್ಣದಾಗ್ತೈತಿ, ನೆರೆಯವ್ರ ಸಂಖ್ಯಾ ಅಷ್ಟ ಇರ್ತೈತಿ. ಟ್ಯಾಸ್ಮೇನಿಯನ್ ಡೆವಿಲ್ ಕಥಿ ನೋಡ್ರಿ, 1996ರಾಗ ಮುಖದ ಕ್ಯಾನ್ಸರ್ ಮೊದ್ಲ ಕಂಡಿದ್ದು, ಒಂದಕ್ಕೊಂದು ಕಚ್ಚಿ ಗಡ್ಡಿ ಜೀವಕೋಶಾನ ದಾಟ್ತಾವು. ಕೆಲವು ಕಡೆ 80 ಪರ್ಸೆಂಟ್‌ಕಿಂತ ಹೆಚ್ಚು ಡೆವಿಲ್ ಸತ್ವು, ಥ್ರೆಶೋಲ್ಡ್ ಇದ್ದಿದ್ರ ರೋಗ ಅಷ್ಟೊತ್ತಿಗೆ ಸಾಯಬೇಕಿತ್ತು. ಸಾಯಲಿಲ್ಲ, ಯಾಕಂದ್ರ ಎಷ್ಟು ಕಡಿಮಿ ಇದ್ರೂ ಬೆದಿ ಕಾಲಕ್ಕ ಹುಡಿಕ್ಯಾಡಿ ಸೇರ್ತಾವು, ಕಚ್ಚತಾವು. ಅಲ್ಲಿ ಆರ್-ನಾಟ್ ಒಳಗ ಪ್ರಾಣಿ ಸಂಖ್ಯಾ N ಅನ್ನೂದ ಬರಂಗಿಲ್ಲ.

ತೋಳನಕೆರೆ ದಂಡಿ:
ಡೆವಿಲ್ ಬಗ್ಗೆ ಒಪ್ಪಿದೆ. ನರಿಗೆ ಪೂರ್ತಿ ಒಪ್ಪಂಗಿಲ್ಲ. ಹುಚ್ಚು ಹತ್ತಿದ ನರಿ ಎಲ್ಲಾ ತನ್ನ ಸರಹದ್ದಿನಾಗ ಕುಂದ್ರಂಗಿಲ್ಲ, ಕೆಲವು ದಿಕ್ಕು ತಪ್ಪಿ ತಿರಗ್ತಾವು, ಹಂತಾವಕ್ಕ ಡೆನ್ಸಿಟಿ ಲೆಕ್ಕಕ್ಕ ಬರ್ತೈತಿ. ಖರೆ ಉತ್ತರ ಎರಡರ ನಡುವ ಎಲ್ಲೋ ಇರಬೇಕು. ಆದ್ರ ಡೆನ್ಸಿಟಿ ಕಡಿಮಿ ಇದ್ದಲ್ಲೆ ರೋಗ ಕಾಣದ ಇದ್ರ ಅದು ಥ್ರೆಶೋಲ್ಡಿಂದನ ಅಂತ ಹೇಳಾಕೂ ಬರಂಗಿಲ್ಲ. ನರಿ ಇರೋದ ಸ್ವಲ್ಪ ಅಂದ್ರ ಆರ್-ನಾಟ್ 1.3 ಇದ್ರೂ ಮೊದಲಿನ ಎರಡು ಹುಚ್ಚು ನರಿ ಯಾರಿಗೂ ಕಚ್ಚದ ಸತ್ತು ಸರಪಳಿ ಹರದ ಹೋಗ್ತೈತಿ. ನಕ್ಷೆದಾಗ ಎರಡೂ ಒಂದ ನಮೂನಿ ಖಾಲಿ ಕಾಣ್ತಾವು.

ಹಳಿಯಾಳ ರೋಡ್:
ಹಿಂಗಂದ್ರ ಥ್ರೆಶೋಲ್ಡ್ ಅಂತ ಗೆರಿ ಎಳಿಯೂದ ಬ್ಯಾಡ ಅನ್ರಿ. ಸೆಮಿನಾರಿನಾಗ ಹುಡುಗ ಏನ್ ತೋರಸಬೇಕು?

ಸಪ್ತಾಪುರ ರೂಮ್‌ಮೇಟ್:
😄 ಗೆರಿ ಬದಲಿ ಪಟ್ಟಿ ತೋರಸ್ತೀನ್ರಿ. K_T 0.5, 1, 1.5 ಮೂರೂ ಹಿಡಿದು ಪ್ರತಿಯೊಂದಕ್ಕ ಬೀಟಾ, ಆರ್-ನಾಟ್, ಎಷ್ಟು ಪಾಲು ಲಸಿಕಿ ಅಂತ ಟೇಬಲ್ ಮಾಡ್ತೀನಿ, "ಸಾಬೀತು" ತಗದು "ಬೀಟಾವನ್ನ ಫೀಲ್ಡ್ ಥ್ರೆಶೋಲ್ಡಿಂದ ಹಿಮ್ಮುಖವಾಗಿ ಪಡೆಯಲಾಗಿದೆ" ಅಂತ ಬರಿತೀನಿ. ಡಾಕ್ಟ್ರ ತಕರಾರು ಒಂದು ಪ್ಯಾರಾ ಹಾಕಲೇನು? ವೈವಾದಾಗ ಅದನ್ನ ಹಿಡಕೊಂಡು ಕೇಳಿದ್ರ ನನಗ ಉತ್ತರ ಬರಂಗಿಲ್ಲ.

ಗದಗ ಸೈಡ್ ಡಾಕ್ಟ್ರು:
ಹಾಕು. ಅವರಿಗೂ ಬರಂಗಿಲ್ಲ.