ಆರು ಅಂಕದ ವಚನ: ಬಿ.ಎಡ್. ಸಹಪಾಠಿಗಳ ಗುಂಪಿನಲ್ಲಿ ಒಂದು ಚರ್ಚೆ

ಮಂಜುನಾಥ: ಕಿರು ಪರೀಕ್ಷೆಯ ಎರಡು ಉತ್ತರಗಳ ಚಿತ್ರ ಹಾಕಿದ್ದೇನೆ, ಹೆಸರುಗಳನ್ನು ಮುಚ್ಚಿದ್ದೇನೆ. ‘ಉಳ್ಳವರು ಶಿವಾಲಯವ ಮಾಡುವರು’ ವಚನದ ಸಾರಾಂಶಕ್ಕೆ 4 ಅಂಕ, ಕೇಂದ್ರ ಭಾವಕ್ಕೆ 2 ಅಂಕ. ಮೊದಲನೆಯದು ಹುಡುಗಿಯದು, ಅದಕ್ಕೆ 5; ಎರಡನೆಯದು ಹುಡುಗನದು, ಅದಕ್ಕೆ 3 ಕೊಟ್ಟಿದ್ದೇನೆ. ಪೋಷಕರೊಬ್ಬರು ತಕರಾರು ಎತ್ತಿದ್ದಾರೆ. ನಿಮ್ಮ ಅಭಿಪ್ರಾಯ ತಿಳಿಸಿ.

ಶಾರದಾ: ನಾನಾಗಿದ್ದರೆ ಅಂಕಗಳನ್ನು ತಿರುಗಿಸಿ ಕೊಡುತ್ತಿದ್ದೆ. ಮೊದಲ ಉತ್ತರವನ್ನು ಇನ್ನೊಮ್ಮೆ ಓದಿ: “ಉಳ್ಳವರು ಶಿವಾಲಯವನ್ನು ಮಾಡುವರು, ಬಡವನಾದ ನಾನು ಏನು ಮಾಡಲಿ ಎಂದು ಬಸವಣ್ಣನವರು ಕೇಳುತ್ತಾರೆ. ನನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊಸ ಕಳಶ ಎನ್ನುತ್ತಾರೆ. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲ ಎಂದು ಹೇಳುತ್ತಾರೆ.” ವಚನದಲ್ಲಿರುವ ಪದಗಳಿಗೆಲ್ಲ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು ನೋಡಿದರೆ ಈ ಮಗುವಿನ ಪಾಲಿಗೆ ಉಳಿಯುವುದು ‘ಕೇಳುತ್ತಾರೆ’, ‘ಎನ್ನುತ್ತಾರೆ’, ‘ಹೇಳುತ್ತಾರೆ’ ಎಂಬ ಮೂರು ಕ್ರಿಯಾಪದಗಳು. ‘ಎನ್ನ’ ಎಂಬುದನ್ನು ‘ನನ್ನ’ ಎಂದು ಮಾಡಿದ್ದಾಳೆ, ‘ಶಿವಾಲಯವ’ ಎಂಬುದಕ್ಕೆ ಪೂರ್ತಿ ವಿಭಕ್ತಿ ಹಚ್ಚಿದ್ದಾಳೆ. ಅದಕ್ಕೆ ಅರ್ಧ ಅಂಕ ಕೊಡಬಹುದು, ಅಷ್ಟೇ.

ಮಂಜುನಾಥ: ಅಡಿಗೆರೆಯ ಪರೀಕ್ಷೆ ನ್ಯಾಯವಲ್ಲ. ಸ್ಥಾವರ, ಜಂಗಮ ಎಂಬ ಪದಗಳಿಲ್ಲದೆ ಈ ವಚನದ ಸಾರಾಂಶ ಬರೆಯುವುದು ಹೇಗೆ? ಉತ್ತರ ಸೂಚಿಯಲ್ಲಿಯೂ ಇದೇ ಅಂಶಗಳಿರುತ್ತವೆ. ಮಗು ಒಂದನ್ನೂ ಬಿಟ್ಟಿಲ್ಲ, ಕ್ರಮ ತಪ್ಪಿಲ್ಲ, ಬರವಣಿಗೆ ಮುತ್ತಿನಂತಿದೆ.

ಶಾರದಾ: ಪಾರಿಭಾಷಿಕ ಪದವನ್ನು ಎತ್ತಿಕೊಳ್ಳುವುದು ತಪ್ಪಲ್ಲ. ಎತ್ತಿಕೊಂಡ ಮೇಲೆ ಅದರ ಪಕ್ಕದಲ್ಲಿ ಒಂದು ಮಾತಿನ ವಿವರಣೆ ಇದೆಯೇ ಎಂಬುದನ್ನು ನೋಡಬೇಕು. ‘ಉಳ್ಳವರು’ ಎಂದರೆ ಹಣವಂತರು ಎಂದು ಬರೆಯುವುದಕ್ಕೆ ಯಾವ ಅಡ್ಡಿಯಿತ್ತು? ‘ಹೊಸ ಕಳಶ’ ಎಂಬುದನ್ನೂ ಗಮನಿಸಿ. ವಚನದಲ್ಲಿರುವುದು ‘ಹೊನ್ನ ಕಳಶ’. ಉಳ್ಳವರ ಚಿನ್ನಕ್ಕೆ ಎದುರಾಗಿ ಬಡವನು ತನ್ನ ತಲೆಯನ್ನೇ ಚಿನ್ನದ ಕಳಶವೆನ್ನುತ್ತಾನೆ ಎಂಬುದು ಹೊಳೆದಿದ್ದವಳ ಕೈ ಅಲ್ಲಿ ‘ಹೊಸ’ ಎಂದು ಬರೆಯುತ್ತಿರಲಿಲ್ಲ. ಕಾಗುಣಿತದ ತಪ್ಪಿಗೂ ಇಂಥ ತಪ್ಪಿಗೂ ವ್ಯತ್ಯಾಸವಿದೆ: ಕಾಗುಣಿತ ತಪ್ಪಿದರೂ ಅರ್ಥ ಉಳಿಯುತ್ತದೆ, ಇಲ್ಲಿ ಅಕ್ಷರ ಸರಿಯಿದ್ದು ಅರ್ಥವೇ ಹೋಗಿದೆ.

ರುಕ್ಮಿಣಿ: ಎರಡನೆಯ ಉತ್ತರವನ್ನು ನಾನು ದೊಡ್ಡದು ಮಾಡಿಕೊಂಡು ಓದಿದೆ. ಓದಲು ಕಷ್ಟವಾದ್ದರಿಂದ ಇಲ್ಲಿ ಬರೆದು ಹಾಕುತ್ತೇನೆ: “ದುಡ್ಡಿರೋರು ಕಲ್ಲಿನ ಗುಡಿ ಕಟ್ಟಸ್ತಾರೆ. ಬಸವಣ್ಣನ ಹತ್ರ ದುಡ್ಡಿಲ್ಲ. ಅದಕ್ಕೆ ಅವರು ಅಳಲ್ಲ, ನಾನೇ ಗುಡಿ ಅಂತಾರೆ. ಕಾಲು ಕಂಬ ಅಂತಾರೆ ಆದ್ರೆ ಗುಡಿ ಕಂಬ ನಿಂತಲ್ಲೇ ಇರ್ತದೆ, ಈ ಕಂಬ ನಡೀತದೆ. ಕಟ್ಟಿದ್ದು ಬೀಳ್ತದೆ, ನಡೆಯೋದು ಬೀಳಲ್ಲ.” ಕೇಂದ್ರ ಭಾವವೆಂದು ಬರೆದದ್ದು: “ಕಟ್ಟಿಸಿದ ಗುಡಿಗಿಂತ ಬದುಕೋ ಮನುಷ್ಯನೇ ದೊಡ್ಡ ಗುಡಿ.” ‘ಈ ಕಂಬ ನಡೀತದೆ’ ಎಂಬ ಮಾತು ಯಾವ ಮಾರ್ಗದರ್ಶಿಯಲ್ಲಿದೆ, ಹೇಳಿ. ಎರಡನೆಯ ಸಾಲಿನ ಕಾಲನ್ನು ಕೊನೆಯ ಸಾಲಿನ ಜಂಗಮಕ್ಕೆ ಈ ಹುಡುಗ ತಾನಾಗಿಯೇ ಜೋಡಿಸಿದ್ದಾನೆ. ಅವನು ಹೊಡೆದು ಹಾಕಿರುವ ಜಾಗವನ್ನೂ ನೋಡಿ: ಮೊದಲು ‘ಬಸವಣ್ಣ ಅಳ್ತಾರೆ’ ಎಂದು ಬರೆದು, ಅದನ್ನು ಹೊಡೆದು, ‘ಅಳಲ್ಲ’ ಎಂದು ತಿದ್ದಿದ್ದಾನೆ. ‘ನಾನೇನ ಮಾಡುವೆ’ ಎಂಬುದನ್ನು ಮೊದಲು ಗೋಳೆಂದು ತಿಳಿದವನು ಮುಂದಿನ ಸಾಲಿಗೆ ಬಂದಾಗ ಅದು ಗೋಳಲ್ಲವೆಂದು ಕಂಡುಕೊಂಡಿದ್ದಾನೆ.

ಬಸವರಾಜ: ಹೊಡೆದು ಹಾಕಿದ ಗೆರೆಯಿಂದ ಅಷ್ಟನ್ನೆಲ್ಲ ತೀರ್ಮಾನಿಸಬಾರದು. ಬಾಯಿಪಾಠ ಮಾಡಿದವರೂ ಹೊಡೆದು ತಿದ್ದುತ್ತಾರೆ. ಆದರೆ ಅವರ ತಿದ್ದುಪಡಿಯ ಬಗೆ ಬೇರೆ, ಅದನ್ನು ಒಪ್ಪುತ್ತೇನೆ: ನಡುವೆ ಒಂದು ವಾಕ್ಯ ಹಾರಿಹೋಗಿರುತ್ತದೆ, ಅದನ್ನು ಅಂಚಿನಲ್ಲಿ ಬಾಣದ ಗುರುತು ಹಾಕಿ ಸೇರಿಸಿರುತ್ತಾರೆ, ಇಲ್ಲವೇ ಒಂದು ಪದಕ್ಕೆ ಜಾಗ ಬಿಟ್ಟು ಮುಂದೆ ಹೋಗಿರುತ್ತಾರೆ. ನನ್ನ ತಕರಾರು ಬೇರೆಯದು. ‘ನಡೆಯೋದು ಬೀಳಲ್ಲ’ ಎಂಬುದನ್ನು ಪೂರ್ಣ ತಿಳಿವಳಿಕೆಯೆಂದು ಒಪ್ಪಲಾರೆ. ದೇಹವೂ ಬೀಳುತ್ತದೆ. ಕಾಲು, ದೇಹ, ಶಿರ ಎಲ್ಲವೂ ಅಳಿಯುವಂಥವೇ ಆಗಿರುವಾಗ ಜಂಗಮಕ್ಕೆ ಅಳಿವಿಲ್ಲವೆಂದು ವಚನಕಾರರು ಹೇಳಿದ್ದು ಯಾವುದನ್ನು? ಚಲಿಸುವ ಚೈತನ್ಯವನ್ನು, ಶರಣರಲ್ಲಿ ನಡೆದಾಡುವ ಶಿವನನ್ನು. ಹುಡುಗ ಆ ಬಾಗಿಲವರೆಗೆ ಬಂದಿದ್ದಾನೆ, ಒಳಗೆ ಹೋಗಿಲ್ಲ. ಕಳಶದ ಮಾತನ್ನಂತೂ ಪೂರ್ತಿ ಬಿಟ್ಟಿದ್ದಾನೆ.

ಶಾರದಾ: ಆದ್ದರಿಂದಲೇ ನಾನು 6 ಕೊಡುವುದಿಲ್ಲ. ಸಾರಾಂಶದ 4 ಅಂಕಗಳಲ್ಲಿ ಸಾಲುಗಳ ಅರ್ಥಕ್ಕೆ 2, ಸಾಲಿನಿಂದ ಸಾಲಿಗಿರುವ ಸಂಬಂಧಕ್ಕೆ 1, ಭಾಷೆಗೆ 1 ಎಂದು ಹಂಚಿಕೊಳ್ಳಿ. ಹುಡುಗನಿಗೆ ಅರ್ಥಕ್ಕೆ ಒಂದೂವರೆ, ಸಂಬಂಧಕ್ಕೆ 1, ಭಾಷೆಗೆ ಅರ್ಧ. ಕೇಂದ್ರ ಭಾವಕ್ಕೆ ಒಂದೂವರೆ. ನಿಲುವು ಅವನದೇ ಆಗಿದೆ, ಆದರೆ ‘ಅಳಿವಿಲ್ಲ’ ಎಂಬುದನ್ನು ಮುಟ್ಟಿಲ್ಲ. ಒಟ್ಟು ನಾಲ್ಕೂವರೆ. ಆಡುಮಾತಿನಲ್ಲಿ ಬರೆದದ್ದಕ್ಕೆ ಭಾಷೆಯ ಒಂದು ಅಂಕದೊಳಗೆ ಕಡಿಯಬೇಕೇ ಹೊರತು ಆ ಕತ್ತರಿ ಅರ್ಥದ ಅಂಕಕ್ಕೆ ಹೋಗಬಾರದು. ಮಂಜುನಾಥ ಅವರೇ, ನಿಮ್ಮ 3 ಅಂಕ ಬಂದದ್ದು ಅಲ್ಲಿಂದಲೇ ಎಂದು ನನಗನ್ನಿಸುತ್ತದೆ.

ಹುಡುಗಿಗೆ ಅರ್ಥಕ್ಕೆ ಅರ್ಧ, ಭಾಷೆಗೆ 1. ಕೇಂದ್ರ ಭಾವವೆಂದು ಅವಳು ಕೊಟ್ಟದ್ದು ವಚನದ ಕೊನೆಯ ಸಾಲು, ಜೊತೆಗೆ ‘ಈ ವಚನವು ಇಂದಿನ ಸಮಾಜಕ್ಕೆ ದಾರಿದೀಪವಾಗಿದೆ’ ಎಂಬ ವಾಕ್ಯ. ಕೊನೆಯ ಸಾಲನ್ನು ಆರಿಸಿದ್ದಕ್ಕೆ ಅರ್ಧ ಕೊಡೋಣ. ದಾರಿದೀಪದ ವಾಕ್ಯವನ್ನು ಯಾವ ಪದ್ಯದ ಕೆಳಗೆ ಬರೆದರೂ ನಡೆಯುತ್ತದೆ. ಹಾಗೆ ಎಲ್ಲೆಡೆ ನಡೆಯುವ ವಾಕ್ಯಕ್ಕೆ ಇಲ್ಲಿ ಅಂಕವಿಲ್ಲ. ಒಟ್ಟು 2.

ಮಂಜುನಾಥ: 5 ಇದ್ದದ್ದನ್ನು 2 ಮಾಡಿದರೆ ಆ ಮಗುವಿಗೆ ಏನೆಂದು ಹೇಳಲಿ? ತರಗತಿಯಲ್ಲಿ ಟಿಪ್ಪಣಿ ಬರೆಸುವವರು ನಾವು, ಅದನ್ನೇ ಬರೆದರೆ ಪೂರ್ಣ ಅಂಕವೆಂದು ಹೇಳಿದವರೂ ನಾವು. ಈಗ ನಿಯಮ ಬದಲಾಯಿತೆನ್ನುವುದೇ?

ರುಕ್ಮಿಣಿ: ಹೇಳುವ ಮೊದಲು ಕೇಳಿ ನೋಡಿ. ನಾಳೆ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು, ಪುಸ್ತಕ ಮುಚ್ಚಿಸಿ, ಬಸವರಾಜ ಅವರ ಪ್ರಶ್ನೆಯನ್ನೇ ಕೇಳಿ: ಕಾಲು, ತಲೆ ಎಲ್ಲ ಒಂದು ದಿನ ಹೋಗುತ್ತವೆ, ಹಾಗಿರುವಾಗ ಅಳಿವಿಲ್ಲದ್ದು ಯಾವುದು?

ಮಂಜುನಾಥ (ಮರುದಿನ): ಕೇಳಿದೆ. ಹುಡುಗ ಬಹಳ ಹೊತ್ತು ಸುಮ್ಮನಿದ್ದು “ಗೊತ್ತಿಲ್ಲ ಸರ್, ಸತ್ತರೆ ಗುಡಿನೂ ಹೋಯ್ತು” ಎಂದ. ಹುಡುಗಿ ಮಾತ್ರ ತಡವರಿಸಲಿಲ್ಲ: “ಭಕ್ತಿ ಸರ್. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗ್ತಾ ಇರ್ತದೆ.” ಇದನ್ನು ಏಕೆ ಬರೆಯಲಿಲ್ಲವೆಂದು ಕೇಳಿದ್ದಕ್ಕೆ, ಸ್ವಂತದ್ದು ಬರೆದರೆ ಅಂಕ ಹೋಗುತ್ತದೆ ಎಂದಳು. ಈಗ ಹೇಳಿ ಶಾರದಾ ಅವರೇ, 2 ಅಂಕ ಸರಿಯೇ?

ಶಾರದಾ: ಕಾಗದದ ಮೇಲಿರುವುದಕ್ಕೆ 2 ಸರಿಯೇ, ಬಾಯಲ್ಲಿ ಹೇಳಿದ್ದಕ್ಕೆ ಕಾಗದದಲ್ಲಿ ಅಂಕ ಹಾಕಲಾಗದು. ಇದು ಕಿರು ಪರೀಕ್ಷೆಯಾದ್ದರಿಂದ ಅವಳಿಂದ ಕೇಂದ್ರ ಭಾವದ ಭಾಗವನ್ನು ಇನ್ನೊಮ್ಮೆ ಬರೆಸಿ, ಅದಕ್ಕೆ ಬೇರೆಯಾಗಿ ಅಂಕ ಕೊಡಿ.

ಬಸವರಾಜ: ಹುಡುಗನಿಗೂ ಬರೆಸಿ, ಕಳಶದ ಸಾಲು ಸೇರಲಿ. ಮುಂದಿನ ಪತ್ರಿಕೆಯಲ್ಲಿ ‘ಸಾರಾಂಶ ಬರೆಯಿರಿ’ ಎಂದಷ್ಟೇ ಕೇಳದೆ, ‘ಕಾಲನ್ನು ಕಂಬವೆಂದ ವಚನಕಾರರು ಕೊನೆಯಲ್ಲಿ ಜಂಗಮದ ಮಾತನ್ನು ಏಕೆ ತಂದರು?’ ಎಂದು ಕೇಳಿ ನೋಡಿ. ಬಾಯಿಪಾಠದ ಟಿಪ್ಪಣಿ ಆ ಪ್ರಶ್ನೆಗೆ ಹೊಂದುವುದಿಲ್ಲ.

ಮಂಜುನಾಥ: ಒಂದು ವರ್ಷ ಕೇಳಿದರೆ ಮರುವರ್ಷ ಅದರ ಉತ್ತರವೂ ಮಾರ್ಗದರ್ಶಿಯಲ್ಲಿ ಅಚ್ಚಾಗುತ್ತದೆ. ಹುಡುಗನಿಗೆ ನಾಲ್ಕೂವರೆ ಹಾಕುತ್ತೇನೆ. ಹುಡುಗಿಯ ಅಂಕವನ್ನು ಎರಡನೆಯ ಉತ್ತರ ಬರುವವರೆಗೆ ಪಟ್ಟಿಗೆ ಏರಿಸುವುದಿಲ್ಲ.