ಜರ್ಮನಿಯ ವಿಶ್ವವಿದ್ಯಾಲಯಕ್ಕೆ ಇಮೇಲ್: ನೋಂದಣಿಯ ದಾಖಲೆ, ಗಡುವು ಕೇಳುವುದು ಹೇಗೆ?

ಪ್ರಶ್ನೆ (ದಾವಣಗೆರೆಯ ವಿದ್ಯಾರ್ಥಿನಿ): ಇಂಜಿನಿಯರಿಂಗ್ ಮುಗಿಸಿದ್ದೇನೆ. ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿದೆ. ಸೆಪ್ಟೆಂಬರ್ 15ರೊಳಗೆ ನೋಂದಣಿ ಮಾಡಿಸಬೇಕು ಎಂದು ಪ್ರವೇಶಪತ್ರದಲ್ಲಿದೆ. ಘಟಿಕೋತ್ಸವ ಆಗಿಲ್ಲ, ತಾತ್ಕಾಲಿಕ ಪದವಿ ಪ್ರಮಾಣಪತ್ರ ಮಾತ್ರ ಇದೆ. ವೀಸಾ ಬಂದಿಲ್ಲ. ಯಾವ ದಾಖಲೆ ಬೇಕು, ಕೊನೆಯ ದಿನ ಯಾವುದು ಎಂದು ಎರಡು ಸಲ ಇಮೇಲ್ ಮಾಡಿದೆ. ‘ವೆಬ್‌ಸೈಟ್ ನೋಡಿ’ ಎಂದಷ್ಟೇ ಉತ್ತರ ಬಂತು. ಹೇಗೆ ಬರೆಯಬೇಕು?

ಹಾಸನದ ಒಬ್ಬರು: ಚಿಂತೆ ಬೇಡ, ಈಗ ನೋಂದಣಿ ಎಲ್ಲಾ ಆನ್‌ಲೈನ್. ಪ್ರವಾಸಿ ವಿಮೆ ಮಾಡಿಸಿ, ಅದರ ಪ್ರತಿ ಹಾಕಿದರೆ ಮುಗಿಯಿತು. ನನ್ನ ತಮ್ಮ ಹಾಗೆಯೇ ಮಾಡಿದ.

ಉತ್ತರ (ಜರ್ಮನಿಯ ವಿಶ್ವವಿದ್ಯಾಲಯವೊಂದರ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಎಂಟು ವರ್ಷ ಕೆಲಸ ಮಾಡಿದವರು): ಆನ್‌ಲೈನ್ ಎನ್ನುವುದು ಬಹಳ ಕಡೆ ನಿಜ. ವಿಮೆಯ ಮಾತು ಮಾತ್ರ ಅಪಾಯದ್ದು. ಪ್ರವಾಸಿ ವಿಮೆ ವೀಸಾಕ್ಕೂ ಮೊದಲ ಕೆಲವು ದಿನಗಳಿಗೂ ಸಾಕಾಗಬಹುದು, ನೋಂದಣಿಗೆ ನಡೆಯುವುದಿಲ್ಲ. 2022ರಿಂದ ಅಲ್ಲಿನ ಸರ್ಕಾರಿ ಆರೋಗ್ಯ ವಿಮಾ ಸಂಸ್ಥೆಯೇ ನಿಮ್ಮ ವಿಮೆಯ ಸ್ಥಿತಿಯನ್ನು ವಿಶ್ವವಿದ್ಯಾಲಯಕ್ಕೆ ನೇರವಾಗಿ ಗಣಕದಲ್ಲಿ ಕಳುಹಿಸುತ್ತದೆ. ಆ ಸಂದೇಶಕ್ಕೆ ಎಂ10 ಎನ್ನುತ್ತಾರೆ. ವಿಶ್ವವಿದ್ಯಾಲಯದ ಗುರುತು ಸಂಖ್ಯೆ ಕೊಟ್ಟು ವಿಮಾ ಸಂಸ್ಥೆಗೆ ನೀವು ಕೇಳಿಕೊಳ್ಳಬೇಕು. ಪಿಡಿಎಫ್ ಎಷ್ಟು ಸಲ ಹಾಕಿದರೂ ಆ ಸಂದೇಶ ಬರದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ.

ಇನ್ನು ಇಮೇಲ್. ‘ಯಾವ ದಾಖಲೆ ಬೇಕು’ ಎಂದರೆ ವೆಬ್‌ಸೈಟಿನ ಕೊಂಡಿಯೇ ಬರುತ್ತದೆ, ಏಕೆಂದರೆ ಪಟ್ಟಿ ಅಲ್ಲಿದೆ. ಪಟ್ಟಿಯಲ್ಲಿ ಇಲ್ಲದ ನಿಮ್ಮ ಪರಿಸ್ಥಿತಿಯನ್ನು ಮಾತ್ರ ಕೇಳಿ. ನಿಮ್ಮಲ್ಲಿ ಗಡುವುಗಳೂ ಬೆರೆತಿವೆ: ಸೀಟು ಒಪ್ಪಿಕೊಳ್ಳುವ ದಿನ, ನೋಂದಣಿಯ ದಿನ, ಬಾಕಿ ದಾಖಲೆ ಒಪ್ಪಿಸುವ ದಿನ ಬೇರೆ ಬೇರೆ. ಮೂರನೆಯದು ಬಹಳ ಸಲ ಪ್ರವೇಶಪತ್ರದ ಎರಡನೆಯ ಪುಟದಲ್ಲಿ ಷರತ್ತಿನ ರೂಪದಲ್ಲಿ ಅಡಗಿರುತ್ತದೆ, ಮೊದಲು ಅದನ್ನು ಓದಿ.

ವಿಷಯದ ಸಾಲಿನಲ್ಲಿ ಅರ್ಜಿ ಸಂಖ್ಯೆ, ಕೋರ್ಸು, ‘ತಾತ್ಕಾಲಿಕ ಪ್ರಮಾಣಪತ್ರದೊಂದಿಗೆ ನೋಂದಣಿ’ ಎಂದಿರಲಿ. ಒಳಗೆ ಹೀಗೆ ಬರೆಯಿರಿ, ಇಂಗ್ಲಿಷಿನಲ್ಲಿ ಇದ್ದರೆ ಸಾಕು:

“ಚಳಿಗಾಲದ ಸೆಮಿಸ್ಟರಿಗೆ ನನಗೆ ಪ್ರವೇಶ ಸಿಕ್ಕಿದೆ. ಕೊನೆಯ ಸೆಮಿಸ್ಟರಿನ ಅಂಕಪಟ್ಟಿ ಮತ್ತು ತಾತ್ಕಾಲಿಕ ಪ್ರಮಾಣಪತ್ರ ನನ್ನಲ್ಲಿವೆ. ಮೂಲ ಪದವಿಪತ್ರ ಘಟಿಕೋತ್ಸವದ ನಂತರ ಬರುತ್ತದೆ. ಇವುಗಳಿಂದ ಈಗ ನೋಂದಣಿ ಸಾಧ್ಯವೇ, ಮೂಲವನ್ನು ಯಾವ ದಿನದೊಳಗೆ ಕೊಡಬೇಕು? ವೀಸಾ ತಡವಾಗಿ ಸೆಪ್ಟೆಂಬರ್ 15 ದಾಟಿದರೆ ತಡ ನೋಂದಣಿಗೆ ಅರ್ಜಿ ಯಾರಿಗೆ, ಎಂದಿನೊಳಗೆ?”

ಇದಕ್ಕೆ ‘ವೆಬ್‌ಸೈಟ್ ನೋಡಿ’ ಎಂದು ತಳ್ಳಿಹಾಕುವುದು ಸುಲಭವಲ್ಲ. ಎರಡೂ ಪತ್ರಗಳನ್ನು ಒಂದೇ ಪಿಡಿಎಫ್ ಆಗಿ ಲಗತ್ತಿಸಿ. ಹಳೆಯ ಇಮೇಲಿಗೇ ಮರುತ್ತರವಾಗಿ ಕಳುಹಿಸಿ, ಹೊಸದಾಗಿ ಬರೆದರೆ ಬೇರೆಯವರ ಕೈಗೆ ಹೋಗಬಹುದು.

ನಮ್ಮ ಕಡೆಯವರು ಮರೆಯುವುದು ಹೆಸರನ್ನು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಉಪನಾಮವಾಗಿ ಬಿಡಿಸಿ ಬರೆದಿರುತ್ತದೆ. ಅಲ್ಲಿನವರ ಕಣ್ಣಿಗೆ ಅದು ಇಬ್ಬರು ವ್ಯಕ್ತಿಗಳು. ಪಾಸ್‌ಪೋರ್ಟಿನಂತೆ ಸಹಿ ಮಾಡಿ, ‘ಅಂಕಪಟ್ಟಿಯಲ್ಲಿ ಇನಿಷಿಯಲ್ ಇದೆ’ ಎಂದು ಒಂದು ಸಾಲು ಸೇರಿಸಿ.

ಬೆಳಗಾವಿಯ ತಂದೆ: ಸರ್, ನಮ್ಮ ಮಗನಿಗೆ ವೀಸಾಕ್ಕೆ ಹಣ ತೋರಿಸಬೇಕಂತೆ. ಸೆಮಿಸ್ಟರ್ ಶುಲ್ಕ ಕಟ್ಟಿದ್ದೇವೆ, ಇನ್ನೂ ‘ಬಾಕಿ’ ಎಂದೇ ಬರುತ್ತಿದೆ. ಎಷ್ಟು ದಿನ ಕಾಯಬೇಕು?

ಉತ್ತರ: ವೀಸಾದ ಹಣ ಬೇರೆ ವಿಷಯ, ಅದನ್ನು ಬೇರೆಯಾಗಿ ಕೇಳಿ ಸರ್. ಶುಲ್ಕದ ವಿಷಯ ಈ ತಂಗಿಗೂ ಬೇಕು. ಬ್ಯಾಂಕಿನಿಂದ ವಿದೇಶಕ್ಕೆ ಕಳುಹಿಸಿದ ಹಣದಲ್ಲಿ ಮಧ್ಯದ ಬ್ಯಾಂಕು ಶುಲ್ಕ ಮುರಿದುಕೊಳ್ಳಬಹುದು. ಕೆಲವು ಯೂರೋ ಕಡಿಮೆ ತಲುಪಿದರೂ ವ್ಯವಸ್ಥೆ ‘ಪಾವತಿಯಾಗಿಲ್ಲ’ ಎಂದೇ ತೋರಿಸುತ್ತದೆ. ಕಳುಹಿಸುವಾಗಲೇ ಬ್ಯಾಂಕುಗಳ ಎಲ್ಲ ಶುಲ್ಕವನ್ನು ನಾವೇ ಕಟ್ಟುತ್ತೇವೆ ಎಂದು ನಿಮ್ಮ ಬ್ಯಾಂಕಿಗೆ ತಿಳಿಸಿ, ವಿಶ್ವವಿದ್ಯಾಲಯ ಕೊಟ್ಟ ಉಲ್ಲೇಖ ಸಂಖ್ಯೆಯನ್ನು ಹಾಗೆಯೇ ಬರೆಯಿಸಿ. ನಿಮ್ಮ ಬ್ಯಾಂಕ್ ರಸೀದಿಯಲ್ಲಿ ಆ ಸಂಖ್ಯೆ ಇದೆಯೇ ನೋಡಿ.

ಬೆಳಗಾವಿಯ ತಂದೆ: ಸಂಖ್ಯೆಯ ಜಾಗದಲ್ಲಿ ಮಗನ ಹೆಸರು ಇದೆ.

ಉತ್ತರ: ಹಾಗಾದರೆ ಹಣ ಬಹುಶಃ ತಲುಪಿದೆ, ಯಾರದೆಂದು ಗುರುತಾಗಿಲ್ಲ. ರಸೀದಿಯ ಜೊತೆ ಸರಿಯಾದ ಸಂಖ್ಯೆಯನ್ನು ವಿಶ್ವವಿದ್ಯಾಲಯಕ್ಕೆ ಇಂದೇ ಕಳುಹಿಸಿ.

ದಾವಣಗೆರೆಯ ವಿದ್ಯಾರ್ಥಿನಿ: ಎರಡನೆಯ ಪುಟದಲ್ಲಿ ಷರತ್ತು ಇದೆ ಸರ್, ಮೂಲ ಪ್ರಮಾಣಪತ್ರಕ್ಕೆ ಮಾರ್ಚ್ 31 ಎಂದಿದೆ. ನೀವು ಹೇಳಿದಂತೆ ಬರೆದು ಕಳುಹಿಸಿದ್ದೇನೆ. ಆದರೆ ‘ದೃಢೀಕೃತ ಪ್ರತಿ’ ಎಂದಿದೆ. ಇಲ್ಲಿನ ನೋಟರಿ ಮುದ್ರೆ ಸಾಕೇ?

ಉತ್ತರ: ಕೆಲವರು ಒಪ್ಪುತ್ತಾರೆ, ಕೆಲವರು ಜರ್ಮನ್ ದೂತಾವಾಸ ಅಥವಾ ಅಲ್ಲಿನ ಅಧಿಕೃತ ಕಚೇರಿಯ ಮುದ್ರೆಯನ್ನೇ ಕೇಳುತ್ತಾರೆ. ನಿಮ್ಮ ಕಚೇರಿ ಯಾವುದನ್ನು ಒಪ್ಪುತ್ತದೆಂದು ಅವರೇ ಹೇಳಬೇಕು. ಅದೇ ಇಮೇಲಿನ ಕೆಳಗೆ ಈ ಒಂದು ಪ್ರಶ್ನೆಯನ್ನು ಸೇರಿಸಿ.