ಸಹಾಯ ಬೇಕು: ವರ್ಕಿಂಗ್ ನೋಟ್‌ನಲ್ಲಿ ತಪ್ಪಾದ್ರೆ ಎಂಟ್ರಿ ಮಾರ್ಕ್ಸೂ ಕಟ್ ಮಾಡ್ಬೇಕಾ?

ಅಕೌಂಟೆನ್ಸಿ ಪೇಪರ್ ತಿದ್ದೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ಸ್ಯಾಕ್ರಿಫೈಸಿಂಗ್ ರೇಷಿಯೋ ಅಂದ್ರೇನು, ಉದಾಹರಣೆ ಜೊತೆ ವಿವರಿಸಿ ಅಂತ 6 ಮಾರ್ಕ್ಸಿನ ಪ್ರಶ್ನೆ, ಅದ್ರಲ್ಲಿ ಸರಿಯಾದ ಪದಗಳಿಗೆ 2, ಎಂಟ್ರಿ ಬರೆಯೋ ರೀತಿಗೆ 2, ವರ್ಕಿಂಗ್ ನೋಟ್‌ಗೆ 2 ಅಂತ ಹಂಚ್ಕೊಂಡಿದೀನಿ.

ಎ, ಬಿ ಹಳೇ ರೇಷಿಯೋ 3:2, ಸಿ ಬಂದ್ಮೇಲೆ 5:3:2. ಒಬ್ಬ ಹುಡುಗ ಎ ಬಿಟ್ಟುಕೊಟ್ಟಿದ್ದು 3/5 - 5/10 = 1/10 ಅಂತ ಸರಿಯಾಗೇ ಮಾಡಿದಾನೆ, ಆದ್ರೆ ಬಿ ಲೆಕ್ಕದಲ್ಲಿ 2/5 - 3/10 = 2/10 ಅಂತ ಬರೆದುಬಿಟ್ಟಿದಾನೆ, 1/10 ಬರ್ಬೇಕಿತ್ತು. ಎರಡೂ ಕೂಡಿಸಿದ್ರೆ 3/10 ಆಗುತ್ತೆ, ಸಿ ಪಾಲು ಇರೋದೇ 2/10, ಅಲ್ಲೇ ಗೊತ್ತಾಗುತ್ತೆ ತಪ್ಪು ಅಂತ. ಪಾಪ, ಅದೊಂದು ಚೆಕ್ ಮಾಡ್ಲಿಲ್ಲ.

ಆಮೇಲೆ ಸಿ ತಂದ 20,000 ಗುಡ್‌ವಿಲ್‌ನ 1:1 ಬದಲು 1:2ರಲ್ಲಿ ಹಂಚಿ, ಎ ಕ್ಯಾಪಿಟಲ್‌ಗೆ 6,667, ಬಿಗೆ 13,333 ಕ್ರೆಡಿಟ್ ಕೊಟ್ಟಿದಾನೆ. ಡೆಬಿಟ್, ಕ್ರೆಡಿಟ್, ನರೇಷನ್ ಎಲ್ಲಾ ಅಚ್ಚುಕಟ್ಟಾಗಿದೆ. ನಂಗನ್ಸೋದು ವರ್ಕಿಂಗ್ ನೋಟ್‌ನಲ್ಲಿ ಮಾತ್ರ 1 ಕಟ್ ಮಾಡಿ ಎಂಟ್ರಿಗೆ ಪೂರ್ತಿ 2 ಕೊಡ್ಬೇಕು, ಒಂದೇ ತಪ್ಪಿಗೆ ಎರಡ್ಸಲ ಶಿಕ್ಷೆ ಯಾಕೆ? ಆದ್ರೆ ಜೊತೆಗಿರೋ ಮೇಡಂ ಮೊತ್ತ ತಪ್ಪಿದ್ರೆ ಎಂಟ್ರಿನೂ ತಪ್ಪೇ ಅಂತಾರೆ.

ಇನ್ನೊಂದು, ವ್ಯಾಖ್ಯೆ ಸರಿಯಾಗಿದೆ ಆದ್ರೆ ಹೆಡಿಂಗ್ ಗೇನಿಂಗ್ ರೇಷಿಯೋ ಅಂತಿದೆ, ಗೇನಿಂಗ್ ಅಂದ್ರೆ ಪಾಲು ಜಾಸ್ತಿ ಆಗೋರ ಲೆಕ್ಕ, ಪೂರಾ ಉಲ್ಟಾ. ಪದಗಳ 2ರಲ್ಲಿ ಎಷ್ಟು ಕಟ್ ಮಾಡ್ತೀರಿ? ನೀವು ಹೇಗೆ ಕೊಡ್ತೀರೋ ಕಾರಣ ಸಮೇತ ಹೇಳಿ ಪ್ಲೀಸ್, ಇದೇ ತಪ್ಪು ಇನ್ನೂ ಮೂರು ಪೇಪರಲ್ಲಿದೆ.